0.363636... ಅನ್ನೋದು 4/11 ಹೇಗಾಗುತ್ತೆ? 10ರಿಂದ ಗುಣಿಸಿದ್ರೆ ಯಾಕೆ ಬರ್ತಿಲ್ಲ?

ಹೊಂಗೆನೆರಳು
ಎಲ್ಲರಿಗೂ ನಮಸ್ಕಾರ. ಮಗಳಿಗೆ ಲೆಕ್ಕ ಹೇಳ್ಕೊಡ್ತಾ ಒಂದು ಕಡೆ ಸಿಕ್ಕಿಹಾಕ್ಕೊಂಡಿದೀನಿ, ನಿನ್ನೆ ರಾತ್ರಿಯಿಂದ ತಲೇಲಿ ಅದೇ ಓಡ್ತಿದೆ. ಪ್ರಶ್ನೆ ಏನಂದ್ರೆ 0.36 ಅಂತ ಬರೆದು 3 ಮತ್ತೆ 6 ಎರಡರ ಮೇಲೂ ಸೇರಿಸಿ ಒಂದು ಅಡ್ಡಗೆರೆ ಹಾಕಿದಾರೆ, ಇದನ್ನ ಭಿನ್ನರಾಶಿಯಾಗಿ ಬರೀರಿ ಅಂತ. ಹಿಂದಿನ ಪುಟದಲ್ಲಿ ಉತ್ತರ 4/11 ಅಂತ ಕೊಟ್ಟಿದೆ.

ಇದಕ್ಕೆ ಮುಂಚಿನ ಲೆಕ್ಕ 0.3333... ಆಗಿತ್ತು, ಅದನ್ನ ಸರಾಗವಾಗಿ ಮಾಡಿದ್ವಿ. x ಅಂತ ಇಟ್ಕೊಂಡು 10ರಿಂದ ಗುಣಿಸಿ ಒಂದರಿಂದ ಒಂದು ಕಳೆದ್ರೆ 9x = 3, ಅಲ್ಲಿಗೆ 1/3. ಅದೇ ದಾರೀಲಿ ಇದನ್ನೂ ಮಾಡೋಣ ಅಂತ ಹೋದ್ರೆ ಹೀಗಾಗ್ತಿದೆ:

10x = 3.636363...
x = 0.363636...
9x = 3.272727...

ಬಾಲ ಹೋಗೋದೇ ಇಲ್ಲ! ಇನ್ನೊಂದು ಹೊಸ ಬಾಲ ಬಂತು ಅಷ್ಟೇ. ಮಗಳು "ಅಮ್ಮ ನೀನು ಕಳೆಯೋದು ತಪ್ಪು ಮಾಡಿದೀಯ" ಅಂತಾಳೆ, ನಾನು ಮೂರು ಸಲ ಕಳೆದು ನೋಡಿದೆ, ತಪ್ಪಿಲ್ಲ. ಎಲ್ಲಿ ಎಡವಿದೀವಿ ಹೇಳಿ ಪ್ಲೀಸ್.

ಚದುರಂಗಿ
ಮೇಡಂ ಇದು ತುಂಬಾ ಸುಲಭ, 0.36 ಅಂದ್ರೆ ನೂರರಲ್ಲಿ ಮೂವತ್ತಾರು, 36/100, ನಾಲ್ಕರಿಂದ ಹೊಡೆದ್ರೆ 9/25. ಹಿಂದಿನ ಪುಟದಲ್ಲಿ ಕೊಟ್ಟಿರೋ ಉತ್ತರ ಪ್ರಿಂಟ್ ಮಿಸ್ಟೇಕ್ ಇರ್ಬೇಕು.

ಹೊಂಗೆನೆರಳು
ಇಲ್ಲ ಸರ್, ಮೇಲೆ ಗೆರೆ ಇದೆ. 36, 36, 36 ಅಂತ ಮುಗೀದೆ ಹೋಗ್ತಾನೇ ಇರುತ್ತೆ. ಬರೀ 0.36 ಆಗಿದ್ರೆ ನಮಗೂ ಬರ್ತಿತ್ತು.

ಚದುರಂಗಿ
ಓ ಸರಿ ಸರಿ, ಗೆರೆ ವಿಷಯ ಓದದೆ ಬರೆದುಬಿಟ್ಟೆ. ಹಾಗಾದ್ರೆ 9/25 ಅಲ್ಲ.

ಮಿಂಚುಲೆಕ್ಕ
ಇದಕ್ಕೆಲ್ಲ x, ಸಮೀಕರಣ ಏನೂ ಬೇಡ. ಗೆರೆ ಕೆಳಗೆ ಎಷ್ಟು ಅಂಕಿ ಇದೆಯೋ ಅಷ್ಟು 9 ಕೆಳಗೆ ಹಾಕಿ, ಆ ಅಂಕಿಗಳನ್ನ ಮೇಲೆ ಹಾಕಿ, ಮುಗೀತು. 36 ಎರಡಂಕಿ, ಕೆಳಗೆ 99. 36/99, ಒಂಬತ್ತರಿಂದ ಹೊಡೆದ್ರೆ 4/11. ಹತ್ತು ಸೆಕೆಂಡ್ ಕೆಲಸ. ಎಂಟ್ರೆನ್ಸ್ ಪರೀಕ್ಷೆಗೆ ಓದೋವಾಗ ನಾನು ಹೀಗೇ ಮಾಡ್ತಿದ್ದಿದ್ದು, ಯಾವತ್ತೂ ತಪ್ಪಾಗಿಲ್ಲ.

ಹೊಂಗೆನೆರಳು
ಉತ್ತರ ಬಂತು ಸರ್ ಥ್ಯಾಂಕ್ಸ್, ಆದ್ರೆ ಮಗಳು ಈಗ "99 ಯಾಕೆ" ಅಂತ ಕೇಳ್ತಿದಾಳೆ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಅಲ್ಲದೆ ನಮ್ಮ 10x ಲೆಕ್ಕ ತಪ್ಪಾ ಸರಿಯಾ ಅನ್ನೋದು ಹಾಗೇ ಉಳೀತು.

ಸೀಮೆಸುಣ್ಣ
ಬಹಳ ವರ್ಷ ಮಕ್ಕಳಿಗೆ ಇದನ್ನೇ ಹೇಳ್ಕೊಟ್ಟಿದೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮೊದಲನೇ ಮಾತು, ನಿಮ್ಮ 9x = 3.272727... ತಪ್ಪಲ್ಲಮ್ಮ. ನೂರಕ್ಕೆ ನೂರು ಸರಿ. 4/11ನ ಒಂಬತ್ತರಿಂದ ಗುಣಿಸಿದ್ರೆ 36/11, ಅದು 3.272727... ಆಗಿಯೇ ಬರುತ್ತೆ, ಬೇಕಾದ್ರೆ ಭಾಗ ಮಾಡಿ ನೋಡಿ. ಅಂದ್ರೆ ನೀವು ಕಳೆದಿದ್ದರಲ್ಲಿ ತಪ್ಪಿಲ್ಲ, ನಿಮಗೆ ಸಿಕ್ಕಿರೋ ಸಮೀಕರಣ ನಿಜವಾದದ್ದೇ, ಆದ್ರೆ ಅದರಿಂದ ಪ್ರಯೋಜನ ಇಲ್ಲ, ಯಾಕಂದ್ರೆ ಬಲಗಡೆ ಇನ್ನೂ ಮುಗಿಯದ ದಶಮಾಂಶವೇ ಕೂತಿದೆ.

ಯಾಕೆ ಹಾಗಾಯ್ತು ನೋಡೋಕೆ ಒಂದು ಕೆಲಸ ಮಾಡಿ. ಎರಡು ಸಾಲನ್ನೂ ಬಿಂದು ಕೆಳಗೆ ಬಿಂದು ಬರೋ ಹಾಗೆ ಬರೆದು, ಬಿಂದುವಿನ ಬಲಗಡೆ ಮಾತ್ರ ನೋಡಿ, ಎಡಗಡೆ ಕೈಯಿಂದ ಮುಚ್ಚಿಬಿಡಿ. 10xನಲ್ಲಿ ಬಾಲ 6 3 6 3 6 3 ಅಂತ ಇದೆ. xನಲ್ಲಿ ಬಾಲ 3 6 3 6 3 6 ಅಂತ ಇದೆ. 6ರ ಕೆಳಗೆ 3, 3ರ ಕೆಳಗೆ 6. ಒಂದು ಹೆಜ್ಜೆ ತಪ್ಪಿ ನಡೀತಿದಾವೆ. ಹಾಗಿರೋವಾಗ ಕಳೆದ್ರೆ ಸೊನ್ನೆ ಎಲ್ಲಿಂದ ಬರ್ಬೇಕು? 0.3333...ನಲ್ಲಿ ಒಂದೇ ಅಂಕಿ ತಿರುಗ್ತಿದ್ದಿದ್ರಿಂದ ಒಂದು ಮನೆ ಸರಿಸಿದ್ರೂ ಬಾಲ ಹಾಗೇ ಇತ್ತು. ಇಲ್ಲಿ ಎರಡು ಅಂಕಿ ಒಟ್ಟಿಗೆ ತಿರುಗುತ್ತೆ, ಅದಕ್ಕೆ ಎರಡು ಮನೆ ಸರಿಸ್ಬೇಕು, ಅಂದ್ರೆ 100ರಿಂದ ಗುಣಿಸ್ಬೇಕು.

100x = 36.363636...
x = 0.363636...
99x = 36

ಈಗ ಎಡಗಡೆ ಮುಚ್ಚಿ ನೋಡಿ, ಎರಡೂ ಸಾಲಿನ ಬಾಲ 3 6 3 6 3 6. ಕೊನೇತನಕ ಒಂದೇ. ಕಳೆದ್ರೆ 36 ಮಾತ್ರ ಉಳಿಯುತ್ತೆ. ನಿಮ್ಮ ಮಗಳು ಕೇಳಿದ 99 ಎಲ್ಲಿಂದ ಬಂತು ಅಂದ್ರೆ ಇಲ್ಲಿಂದ: ನೂರು xನಿಂದ ಒಂದು x ಹೋದ್ರೆ ತೊಂಬತ್ತೊಂಬತ್ತು x. x = 36/99, ಅಂಶ ಛೇದ ಎರಡನ್ನೂ 9ರಿಂದ ಭಾಗಿಸಿದ್ರೆ 4/11.

ಹೊಂಗೆನೆರಳು
ಅಯ್ಯೋ ಕೈ ಮುಚ್ಚಿ ನೋಡಿದ ತಕ್ಷಣ ಗೊತ್ತಾಯ್ತು!! ಹೆಜ್ಜೆ ತಪ್ಪಿದೆ ಅನ್ನೋದು ಅವಳಿಗೂ ಹಿಡಿಸ್ತು. ಈಗ ಇನ್ನೊಂದು ಕೇಳ್ತಿದಾಳೆ, 100 ಬದಲು 1000ದಿಂದ ಗುಣಿಸಿದ್ರೆ ಏನಾಗುತ್ತೆ ಅಂತ. ದೊಡ್ಡ ಸಂಖ್ಯೆ ಅಂದ್ಮೇಲೆ ಇನ್ನೂ ಚೆನ್ನಾಗಿ ಬರ್ಬೇಕಲ್ವಾ?

ಸೀಮೆಸುಣ್ಣ
ಒಳ್ಳೆ ಪ್ರಶ್ನೆ. 1000x = 363.6363..., ಬಾಲ ಮತ್ತೆ 6 3 6 3, ಹೆಜ್ಜೆ ಮತ್ತೆ ತಪ್ಪಿತು. 10000ದಿಂದ ಮಾಡಿದ್ರೆ 3636.3636..., ಬಾಲ ಕೂಡಿಬಂತು, 9999x = 3636. ಇದೂ ಸರಿಯೇ, ಆದ್ರೆ 3636/9999ನ ಹೊಡೆಯೋಕೆ ಕಷ್ಟ ಪಡ್ಬೇಕು. 101ರಿಂದ ಎರಡೂ ಹೋಗುತ್ತೆ ಅಂತ ಗೊತ್ತಾದ್ರೆ ಮತ್ತೆ 36/99ಕ್ಕೇ ಬಂದು ನಿಲ್ತೀರಿ. ಎಷ್ಟು ಮನೆ ಸರಿಸಿದ್ರೆ ಬಾಲ ತನ್ನ ಮೇಲೇ ತಾನು ಕೂರುತ್ತೆ ಅನ್ನೋದಷ್ಟೇ ಮುಖ್ಯ, ಸಂಖ್ಯೆ ಎಷ್ಟು ದೊಡ್ಡದು ಅನ್ನೋದು ಅಲ್ಲ.

ಮಿಂಚುಲೆಕ್ಕ
ಕೊನೆಗೆ ಬಂದಿದ್ದು 36/99 ತಾನೇ. ನಾನು ಹೇಳಿದ್ದೂ ಅದೇ. ಮಕ್ಕಳಿಗೆ ಮೊದಲು ಶಾರ್ಟ್‌ಕಟ್ ಹೇಳಿ, ಕಾರಣ ಆಮೇಲೆ ಬೇಕಾದ್ರೆ ತಿಳ್ಕೋತಾರೆ.

ಬೆಳ್ಳಕ್ಕಿಸಾಲು
@ಮಿಂಚುಲೆಕ್ಕ ಅವರೇ, ಗೆರೆ 6ರ ಮೇಲೆ ಮಾತ್ರ ಇದ್ರೆ ಏನ್ ಮಾಡ್ತೀರ? ಅಂದ್ರೆ 0.36666... ಅಂತ.

ಮಿಂಚುಲೆಕ್ಕ
ಅದಕ್ಕೂ ರೂಲ್ ಇದೆ. ಗೆರೆ ಇರೋ ಅಂಕಿಗೆ 9, ಇಲ್ಲದೇ ಇರೋದಕ್ಕೆ 0. ಹಾಗಾಗಿ ಕೆಳಗೆ 90, ಮೇಲೆ 36. 36/90 = 2/5.

ಬೆಳ್ಳಕ್ಕಿಸಾಲು
2/5 ಅಂದ್ರೆ 0.4 ಅಲ್ವಾ? 0.3666... ಅನ್ನೋದು 0.37ನೂ ಮುಟ್ಟಲ್ಲ, ಅದು 0.4 ಹೇಗಾಗುತ್ತೆ.

ಸೀಮೆಸುಣ್ಣ
ಬೆಳ್ಳಕ್ಕಿಸಾಲು ಹಿಡಿದಿದ್ದು ಸರಿ. ಮಿಂಚುಲೆಕ್ಕ ಅವರೇ, ನಿಮ್ಮ ರೂಲ್ ಮುಕ್ಕಾಲು ಭಾಗ ಸರಿ ಇದೆ, 90 ಸರಿ, ಮೇಲಿನ 36 ತಪ್ಪು. ಅಲ್ಲಿ ಏನನ್ನೋ ಕಳೀಬೇಕು ಅನ್ನೋದು ನೆನಪಿಂದ ಜಾರಿದೆ. x ಇಟ್ಟು ಮಾಡಿದ್ರೆ ಜಾರೋಕೆ ಜಾಗ ಇರಲ್ಲ.

x = 0.3666...ನಲ್ಲಿ 3 ಅನ್ನೋದು ತಿರುಗೋ ಗುಂಪಿಗೆ ಸೇರಿಲ್ಲ, ಅದು ಬಾಗಿಲಲ್ಲಿ ನಿಂತಿದೆ. ಮೊದಲು ಅದನ್ನ ಬಿಂದುವಿನ ಎಡಕ್ಕೆ ದಾಟಿಸಿ, ಅಂದ್ರೆ 10x = 3.666... ಈಗ ಬಾಲ ಶುದ್ಧ 6 6 6. ಆಮೇಲೆ ಇನ್ನೊಂದು ಮನೆ ಸರಿಸಿ, 100x = 36.666... ಇಲ್ಲೂ ಬಾಲ 6 6 6. ಈಗ ಈ ಎರಡನ್ನ ಕಳೀರಿ, ಮೊದಲಿನ xನ ಮುಟ್ಟಲೇಬೇಡಿ:

100x = 36.666...
10x = 3.666...
90x = 33

x = 33/90 = 11/30. ಮೂವತ್ತರಿಂದ 11ನ ಭಾಗಿಸಿ ನೋಡಿ, 0.3666... ಬರುತ್ತೆ. ಆ 36 ಯಾಕೆ 33 ಆಯ್ತು ಅಂದ್ರೆ ಕೆಳಗಿನ ಸಾಲಿನ ಎಡಗಡೆ ಒಂದು 3 ಕೂತಿತ್ತು, ಅದೂ ಕಳೆದುಹೋಯ್ತು. 0.3636...ನಲ್ಲಿ ಕೆಳಗಿನ ಸಾಲಿನ ಎಡಗಡೆ ಬರೀ ಸೊನ್ನೆ ಇದ್ದಿದ್ರಿಂದ ಈ ಕಳೆಯುವಿಕೆ ಕಣ್ಣಿಗೆ ಬೀಳಲಿಲ್ಲ ಅಷ್ಟೇ.

ಅದಕ್ಕೇ ಗೆರೆ ಎಲ್ಲಿಂದ ಶುರು ಅಂತ ನೋಡದೆ ಪೆನ್ನು ಎತ್ತಬಾರದು. ಗೆರೆ ಇಲ್ಲದ 0.36 ಅಂದ್ರೆ 9/25, ಆರರ ಮೇಲೆ ಮಾತ್ರ ಗೆರೆ ಇದ್ರೆ 11/30, ಎರಡರ ಮೇಲೂ ಇದ್ರೆ 4/11. ಕೆಲವು ಪುಸ್ತಕಗಳಲ್ಲಿ ಗೆರೆ ಬದಲು ಅಂಕಿ ಮೇಲೆ ಚುಕ್ಕಿ ಇಡ್ತಾರೆ, ಆಗ ಗುಂಪಿನ ಮೊದಲ ಅಂಕಿ ಮತ್ತೆ ಕೊನೆ ಅಂಕಿ ಮೇಲೆ ಮಾತ್ರ ಚುಕ್ಕಿ ಇರುತ್ತೆ. ಝೆರಾಕ್ಸ್ ಕಾಪೀಲಿ ಒಂದು ಚುಕ್ಕಿ ಮಾಸಿದ್ರೆ ಇಡೀ ಲೆಕ್ಕವೇ ಬೇರೆ ಆಗ್ಬಿಡುತ್ತೆ, ನನ್ನ ತರಗತೀಲೇ ಒಂದು ಸಲ ಅರ್ಧ ಮಕ್ಕಳು 4/11, ಅರ್ಧ ಮಕ್ಕಳು 11/30 ಬರೆದಿದ್ರು, ನೋಡಿದ್ರೆ ಹಂಚಿದ ಹಾಳೆಗಳೇ ಎರಡು ಥರ ಇದ್ವು.

ಮಿಂಚುಲೆಕ್ಕ
ಹೌದು, 33/90. ಮೇಲಿಂದ ಗೆರೆ ಇಲ್ಲದ ಭಾಗ ಕಳೀಬೇಕು ಅಂತ ಇತ್ತು, ಈಗ ನೆನಪಾಯ್ತು. ಆದ್ರೂ ಪರೀಕ್ಷೆ ಹಾಲ್‌ನಲ್ಲಿ ಟೈಮ್ ಇರಲ್ಲ, ರೂಲ್ ಪೂರ್ತಿ ನೆನಪಿಟ್ಕೊಂಡ್ರೆ ಅದೇ ಬೆಸ್ಟ್ ಅನ್ನೋದು ನನ್ನ ಅಭಿಪ್ರಾಯ.

ಚದುರಂಗಿ
ಇದನ್ನ ಓದಿ ನಂದೊಂದು ಹಳೇ ಪ್ರಶ್ನೆ ನೆನಪಾಯ್ತು. ಒಂದು ನೋಟ್‌ಬುಕ್‌ನಲ್ಲಿ ಎಷ್ಟೋ ವರ್ಷದ ಹಿಂದೆ ಬರೆದಿಟ್ಟ ಒಂದು ಅನುಪಾತ ಇದೆ, 0.2352941176 ಅಂತ, ಕ್ಯಾಲ್ಕುಲೇಟರ್‌ನಲ್ಲಿ ಬಂದಿದ್ದನ್ನ ಹಾಗೇ ಬರೆದಿದೀನಿ, ಯಾವುದನ್ನ ಯಾವುದರಿಂದ ಭಾಗಿಸಿದ್ದು ಅಂತ ಬರೆದಿಲ್ಲ. ಎರಡೂ ಸಣ್ಣ ಪೂರ್ಣಸಂಖ್ಯೆಗಳು ಅನ್ನೋದು ಮಾತ್ರ ನೆನಪಿದೆ. ಈ x ವಿಧಾನದಲ್ಲಿ ಅದನ್ನ ವಾಪಸ್ ತರಬಹುದಾ? ಹತ್ತು ಅಂಕಿ ಇದೆ, ಹಾಗಾದ್ರೆ ಕೆಳಗೆ ಹತ್ತು 9 ಹಾಕ್ಲಾ?

ಸೀಮೆಸುಣ್ಣ
ಹಾಕ್ಬೇಡಿ. ಆ ಹತ್ತು ಅಂಕಿ ತಿರುಗೋ ಗುಂಪು ಅಂತ ನಿಮಗೆ ಯಾರು ಹೇಳಿದ್ರು? ಕ್ಯಾಲ್ಕುಲೇಟರ್‌ಗೆ ಜಾಗ ಇದ್ದಿದ್ದು ಅಷ್ಟು, ಅದಕ್ಕೆ ಅಲ್ಲಿಗೆ ನಿಂತಿದೆ. ಈ ವಿಧಾನಕ್ಕೆ ಗುಂಪು ಎಲ್ಲಿ ಶುರು ಎಲ್ಲಿ ಮುಗಿಯುತ್ತೆ ಅನ್ನೋದು ಮೊದಲೇ ಗೊತ್ತಿರ್ಬೇಕು. ನೀವು ಬರೆದ ಅಂಕಿಗಳಲ್ಲಿ ಯಾವುದೂ ಒಂದು ಸುತ್ತು ಮುಗಿಸಿ ಮತ್ತೆ ಶುರುವಾದ ಹಾಗೆ ಕಾಣಲ್ಲ.

ಬೆಳ್ಳಕ್ಕಿಸಾಲು
@ಚದುರಂಗಿ ಸುಮ್ನೆ ಒಂದು ಕೈ ನೋಡಿದೆ. 1ನ ನಿಮ್ಮ ಸಂಖ್ಯೆಯಿಂದ ಭಾಗಿಸಿದ್ರೆ 4.250000001 ಬಂತು. ಹೆಚ್ಚುಕಡಿಮೆ 4.25, ಅಂದ್ರೆ 17/4. ಹಾಗಾಗಿ ನಿಮ್ಮದು 4/17 ಇರಬಹುದು. 4ನ 17ರಿಂದ ಕೈಯಲ್ಲೇ ಭಾಗಿಸಿ ನೋಡಿದೆ, 0.2352941176470588 ಆದ್ಮೇಲೆ ಮತ್ತೆ 2352 ಅಂತ ಶುರುವಾಯ್ತು. ಹದಿನಾರು ಅಂಕಿ ಗುಂಪು! ನಿಮ್ಮ ಕ್ಯಾಲ್ಕುಲೇಟರ್‌ನಲ್ಲಿ ಒಂದು ಸುತ್ತೂ ಮುಗಿದಿಲ್ಲ. ಹತ್ತು ಅಂಕಿ ಹೊಂದುತ್ತೆ ಅಂತ 4/17 ಅಂತೀನಿ, ಖಂಡಿತ ಅದೇ ಅಂತ ಹೇಳೋಕೆ ಆಗಲ್ಲ.

ಚದುರಂಗಿ
4, 17! ಹದಿನೇಳು ಅನ್ನೋದು ಆ ಪುಟದಲ್ಲೇ ಇನ್ನೊಂದು ಕಡೆ ಇದೆ. ಬಹಳ ಥ್ಯಾಂಕ್ಸ್. ಅಂದಹಾಗೆ ಹದಿನಾರು ಅಂಕಿ ಆದ್ಮೇಲೆ ತಿರುಗುತ್ತೆ ಅಂತ ಹೇಗೆ ಗ್ಯಾರಂಟಿ, ಹದಿನೇಳನೇದು ಹದಿನೆಂಟನೇದು ಸುಮ್ನೆ ಹೊಂದಿಕೊಂಡಿರಬಹುದಲ್ಲ?

ಬೆಳ್ಳಕ್ಕಿಸಾಲು
ಅಂಕಿ ನೋಡಿ ಹೇಳಿದ್ದಲ್ಲ, ಶೇಷ ನೋಡಿ ಹೇಳಿದ್ದು. ಸಣ್ಣ ಉದಾಹರಣೆ 4/11ರಲ್ಲೇ ನೋಡಿ. 4ರಲ್ಲಿ 11 ಹೋಗಲ್ಲ, ಸೊನ್ನೆ ಇಳಿಸಿ 40 ಮಾಡಿದ್ರೆ ಹನ್ನೊಂದು ಮೂರಲಿ ಮೂವತ್ತಮೂರು, ಶೇಷ 7. ಸೊನ್ನೆ ಇಳಿಸಿದ್ರೆ 70, ಹನ್ನೊಂದು ಆರಲಿ ಅರವತ್ತಾರು, ಶೇಷ 4. ಎಲ್ಲಿಂದ ಹೊರಟಿದ್ವೋ ಅದೇ 4 ವಾಪಸ್ ಬಂತು! ಮತ್ತೆ 40, ಮತ್ತೆ 3, ಮತ್ತೆ 70, ಮತ್ತೆ 6. ಇನ್ನು ಬೇರೆ ಏನೂ ಆಗೋಕೆ ದಾರಿಯೇ ಇಲ್ಲ, ಯಾಕಂದ್ರೆ ಮುಂದಿನ ಅಂಕಿ ಏನು ಅಂತ ನಿರ್ಧಾರ ಮಾಡೋದು ಕೈಯಲ್ಲಿರೋ ಶೇಷ ಒಂದೇ. 17ರಿಂದ ಭಾಗಿಸಿದ್ರೆ ಶೇಷ 1ರಿಂದ 16ರ ಒಳಗೇ ಇರ್ಬೇಕು, ಹಾಗಾಗಿ ಹೆಚ್ಚಂದ್ರೆ ಹದಿನಾರು ಹೆಜ್ಜೆ ಒಳಗೆ ಹಳೇದೊಂದು ಮತ್ತೆ ಬರಲೇಬೇಕು. ನಾನು ಮಾಡಿದ್ದರಲ್ಲಿ ಹದಿನಾರೂ ಬಂದು ಆಮೇಲೆ 4 ಬಂತು.

ಒಂಟಿದೀಪ
ಎಲ್ಲಾ ಓದಿದೆ. ನನಗೆ ಶುರುವಿನಿಂದಲೂ ಒಂದು ಅನುಮಾನ, ಶಾಲೇಲಿ ಕೇಳಿದ್ರೆ "ಅದು ಹಾಗೇ" ಅಂದಿದ್ರು. 100ರಿಂದ ಗುಣಿಸಿದಾಗ ಎರಡು ಅಂಕಿ ಬಿಂದುವಿನ ಎಡಕ್ಕೆ ಬಂತು. ಹಾಗಾದ್ರೆ ಬಲಗಡೆ ಎರಡು ಅಂಕಿ ಕಮ್ಮಿ ಆಗ್ಬೇಕಲ್ಲ? xನ ಬಾಲಕ್ಕಿಂತ 100xನ ಬಾಲ ಎರಡು ಅಂಕಿ ಮೋಟು. ಕಳೆದಾಗ ತುದೀಲಿ ಒಂದು 36 ಉಳೀಬೇಕು. ಅದನ್ನ ಎಲ್ಲರೂ ಕಣ್ಣುಮುಚ್ಚಿ ಬಿಟ್ಟುಬಿಡ್ತಾರೆ ಅನ್ನಿಸುತ್ತೆ.

ಹೊಂಗೆನೆರಳು
ಇದು ನನಗೆ ಹೊಳೆದೇ ಇರಲಿಲ್ಲ, ಈಗ ನನಗೂ ಅನುಮಾನ ಬಂತು.

ಸೀಮೆಸುಣ್ಣ
ಒಂಟಿದೀಪ ಅವರ ಅನುಮಾನಕ್ಕೆ ಮರ್ಯಾದೆ ಕೊಟ್ಟೇ ಉತ್ತರ ಹೇಳ್ಬೇಕು, "ಅದು ಹಾಗೇ" ಅನ್ನೋದು ಉತ್ತರ ಅಲ್ಲ.

ಬಾಲಕ್ಕೆ ತುದಿ ಇದ್ದಿದ್ರೆ ನೀವು ಹೇಳಿದ್ದು ಅಕ್ಷರಶಃ ನಿಜ. ಮಾಡಿ ನೋಡೋಣ. x = 0.3636 ಅಂತ ನಾಲ್ಕಕ್ಕೇ ನಿಲ್ಲಿಸಿ. 100x = 36.36. ಕಳೆದ್ರೆ 99x = 35.9964. ಮೂವತ್ತಾರಕ್ಕೆ 0.0036 ಕಮ್ಮಿ, ಅದೇ ನಿಮ್ಮ ತುದಿಯ 36. ಆರು ಅಂಕಿ ತನಕ ಹೋಗಿ, x = 0.363636, ಆಗ 99x = 35.999964. ಕೊರತೆ 0.000036. ಎರಡೆರಡು ಅಂಕಿ ಜಾಸ್ತಿ ಮಾಡಿದಷ್ಟೂ ಆ 36 ಇನ್ನೂ ಬಲಕ್ಕೆ ಬಲಕ್ಕೆ ಹೋಗ್ತಾ ನೂರು ನೂರು ಪಟ್ಟು ಸಣ್ಣದಾಗುತ್ತೆ. ಆದ್ರೆ ನಮ್ಮ x ಎಲ್ಲೂ ನಿಲ್ಲಲ್ಲ. ತುದಿಯೇ ಇಲ್ಲ ಅಂದ್ಮೇಲೆ ತುದಿಯ 36 ಕೂರೋಕೆ ಜಾಗ ಎಲ್ಲಿದೆ? ಯಾವ ಸ್ಥಾನವನ್ನ ನೀವು ತೋರಿಸಿದ್ರೂ, ಐದು ಸಾವಿರನೇದು ಅನ್ನಿ, ಅಲ್ಲಿ ಎರಡೂ ಸಾಲಲ್ಲೂ ಒಂದೇ ಅಂಕಿ ಇರುತ್ತೆ, ಅಲ್ಲಿ ಸೊನ್ನೆಯೇ ಬರುತ್ತೆ.

ಇಷ್ಟಕ್ಕೂ ಸಮಾಧಾನ ಆಗ್ಲಿಲ್ಲ ಅಂದ್ರೆ ಬೆಳ್ಳಕ್ಕಿಸಾಲು ಮೇಲೆ ಮಾಡಿದ ಭಾಗಾಕಾರದ ಕಡೆಯಿಂದ ಬನ್ನಿ, ಅಲ್ಲಿ ಎಲ್ಲೂ ಮುಗಿಯದ ಬಾಲವನ್ನ ಕಳೆಯೋ ಪ್ರಸಂಗವೇ ಇಲ್ಲ. 4ನ 11ರಿಂದ ಭಾಗಿಸ್ತಾ ಎರಡು ಹೆಜ್ಜೆ ಹೋಗಿ ನಿಂತ್ರೆ 0.36 ಸಿಕ್ಕಿದೆ, ಶೇಷ 0.04 ಉಳಿದಿದೆ. ಅಂದ್ರೆ

4/11 = 0.36 + (4/11)/100

ಇಲ್ಲಿ ಚುಕ್ಕಿ ಚುಕ್ಕಿ ಅಂತ ಏನೂ ಇಲ್ಲ, ಮಾಮೂಲಿ ಭಿನ್ನರಾಶಿ ಲೆಕ್ಕ, ತಾಳೆ ನೋಡಿ. ಈಗ 4/11 ಬದಲು x ಅಂತ ಬರೀರಿ: x = 0.36 + x/100. ಎರಡೂ ಕಡೆ 100ರಿಂದ ಗುಣಿಸಿದ್ರೆ 100x = 36 + x. ನಾವು ಕಳೆಯೋಕೆ ಬಳಸಿದ್ದ ಸಮೀಕರಣ ಇದೇ! ಭಾಗಾಕಾರದಲ್ಲಿ ಶೇಷ 4 ವಾಪಸ್ ಬಂದಿದ್ದೂ, 100ರಿಂದ ಗುಣಿಸಿದಾಗ ಬಾಲ ತನ್ನ ಮೇಲೆ ತಾನು ಕೂತಿದ್ದೂ ಎರಡಲ್ಲ, ಒಂದೇ ಸಂಗತಿ. ಒಂದು ಸಲ ಭಿನ್ನರಾಶಿ ಕಡೆಯಿಂದ ನೋಡಿದ್ವಿ, ಇನ್ನೊಂದು ಸಲ ದಶಮಾಂಶದ ಕಡೆಯಿಂದ. ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಜಾಗ ಇದು.

ಇನ್ನೂ ಮುಂದೆ, 4/11ರಿಂದ 0.36 ತೆಗೆದ್ರೆ ಉಳಿಯೋದು 4/11ರ ನೂರನೇ ಒಂದು ಭಾಗ, 0.3636 ತೆಗೆದ್ರೆ ಹತ್ತು ಸಾವಿರದ ಒಂದು ಭಾಗ. ಹೀಗೆ 0.36, 0.3636, 0.363636 ಅನ್ನೋ ಸಾಲು ಯಾವುದಕ್ಕೆ ಹತ್ತಿರ ಹತ್ತಿರ ಹೋಗ್ತಿದೆ ಅನ್ನೋದರಲ್ಲಿ ಅನುಮಾನ ಉಳಿಯಲ್ಲ.

ಒಂಟಿದೀಪ
ಎರಡನೇದು ಒಪ್ಪಿದೆ ಸರ್, ಭಾಗಾಕಾರದ ಕಡೆಯಿಂದ ಬಂದಿದ್ದು ಗಟ್ಟಿ ಇದೆ. ಆದ್ರೆ ಮೊದಲನೇ ದಾರಿ ಬಗ್ಗೆ ಇನ್ನೂ ಒಂದು ಕೇಳ್ತೀನಿ. "ತುದಿ ಇಲ್ಲ, ಬಾಲ ಕೂಡಿಬರುತ್ತೆ, ಕಳೀರಿ" ಅಂತ ಹೇಳಿ ಏನು ಬೇಕಾದ್ರೂ ಮಾಡ್ಬಹುದಾ? ಉದಾಹರಣೆಗೆ 36 ಎಡಗಡೆಗೆ ಮುಗಿಯದೆ ಹೋದ್ರೆ, ...363636 ಅಂತ?

ಸೀಮೆಸುಣ್ಣ
ಒಳ್ಳೇ ಜಾಗಕ್ಕೇ ಬಂದ್ರಿ. ಅದನ್ನ x ಅಂತ ಇಟ್ಕೊಳ್ಳಿ. 100ರಿಂದ ಗುಣಿಸಿದ್ರೆ ಕೊನೇಲಿ ಎರಡು ಸೊನ್ನೆ ಬರುತ್ತೆ, ...363600. ಅದಕ್ಕೆ 36 ಸೇರಿಸಿದ್ರೆ ಮತ್ತೆ ಅದೇ x. ಅಂದ್ರೆ 100x + 36 = x, ಹಾಗಾಗಿ 99x = -36, x = -4/11. ಧನ ಸಂಖ್ಯೆಗಳನ್ನೇ ಕೂಡಿಸ್ತಾ ಬೆಳೀತಾ ಹೋಗಿದ್ದು ಮೈನಸ್ ಆಗಿ ನಿಂತಿತು.

ಬೀಜಗಣಿತದಲ್ಲಿ ಒಂದು ಹೆಜ್ಜೆಯೂ ತಪ್ಪಿಲ್ಲ. ತಪ್ಪಿರೋದು ಮೊದಲನೇ ಸಾಲಲ್ಲಿ, "x ಅಂತ ಇಟ್ಕೊಳ್ಳಿ" ಅಂದ ಕಡೆ. ನಾವು ದಿನಾ ಬಳಸೋ ಸಂಖ್ಯೆಗಳಲ್ಲಿ ಅಂಥ xಯೇ ಇಲ್ಲ, 36, 3636, 363636 ಅಂತ ಮಿತಿ ಇಲ್ಲದೆ ಬೆಳೆಯುತ್ತೆ, ಎಲ್ಲೂ ನೆಲೆ ನಿಲ್ಲಲ್ಲ. ಸಮೀಕರಣ ಹೇಳೋದು ಇಷ್ಟೇ: x ಅನ್ನೋ ಸಂಖ್ಯೆ ಇದ್ದಿದ್ದೇ ಆದ್ರೆ ಅದು ಇಷ್ಟಿರ್ಬೇಕು. ಇದೆಯೋ ಇಲ್ವೋ ಅಂತ ಅದು ಹೇಳಲ್ಲ. 0.3636...ನಲ್ಲಿ ಪ್ರತಿ ಹೆಜ್ಜೆಗೂ ಹೆಚ್ಚಾಗೋದು ನೂರು ಪಟ್ಟು ಸಣ್ಣ, ಎಷ್ಟು ಹೋದ್ರೂ 0.37 ದಾಟಲ್ಲ, ಹಾಗಾಗಿ ಅಲ್ಲಿ x ಇದೆ, ಕಳೆದಿದ್ದು ನ್ಯಾಯವಾಗಿದೆ. ಹೈಸ್ಕೂಲ್‌ನಲ್ಲಿ ಇದನ್ನ ಹೇಳದೆ ದಾಟಿಸ್ತಾರೆ, ಆ ವಯಸ್ಸಿಗೆ ಅದು ಸರಿಯಾ ತಪ್ಪಾ ನನಗಿನ್ನೂ ಒಂದು ತೀರ್ಮಾನಕ್ಕೆ ಬರೋಕಾಗಿಲ್ಲ.

ಮಿಂಚುಲೆಕ್ಕ
ಹಾಗಾದ್ರೆ 0.9999... ಕೂಡ ಇದೇ ರೀತಿ 1 ಆಗುತ್ತೆ ಅಲ್ವಾ, 10x ನಿಂದ x ಕಳೆದ್ರೆ 9x = 9. ಅದು ಮಾತ್ರ ನನಗೆ ಯಾವತ್ತೂ ಒಪ್ಪಿಗೆ ಆಗಿಲ್ಲ, 1ಕ್ಕಿಂತ ಒಂದು ಕೂದಲೆಳೆ ಕಮ್ಮಿ ಇರಲೇಬೇಕು.

ಒಂಟಿದೀಪ
ಕೂದಲೆಳೆ ಎಷ್ಟು ದಪ್ಪ ಅಂತ ಹೇಳಿ. 0.001 ಅಂತೀರಾ, ನಾಲ್ಕು 9 ಬರೆದ ತಕ್ಷಣ ಅದಕ್ಕಿಂತ ಹತ್ತಿರ ಹೋದ್ವಿ. ಯಾವ ದಪ್ಪ ಹೇಳಿದ್ರೂ ಹಾಗೇ ಆಗುತ್ತೆ. ಈಗ ಸರ್ ಹೇಳಿದ್ಮೇಲೆ ನಾನು ಈ ಕಡೆ ಬಂದೆ.

ಮಿಂಚುಲೆಕ್ಕ
ವಾದಕ್ಕೆ ಸರಿ ಇದೆ, ಮನಸ್ಸಿಗೆ ಇನ್ನೂ ಇಳೀಲಿಲ್ಲ. 1/3 = 0.333... ಅಂತ ಒಪ್ಪಿ ಮೂರರಿಂದ ಗುಣಿಸಿದ್ರೂ ಅದೇ ಬರುತ್ತೆ ಅಂತ ಗೊತ್ತು. ಆದ್ರೂ ಇಳೀಲಿಲ್ಲ.

ಹೊಂಗೆನೆರಳು
ನೀವೆಲ್ಲ ಎಲ್ಲೋ ಹೋಗ್ಬಿಟ್ರಿ, ನಿಧಾನವಾಗಿ ಓದ್ತೀನಿ. ಈ ಮಧ್ಯೆ ಮಗಳು ಮುಂದಿನ ಲೆಕ್ಕ ತಾನೇ ಮಾಡಿದಾಳೆ, ಸರಿ ಇದೆಯಾ ನೋಡಿ. 0.136 ಇದೆ, ಗೆರೆ 36ರ ಮೇಲೆ ಮಾತ್ರ. 0.1363636... ಅವಳು 1000x = 136.3636..., 10x = 1.3636... ಅಂತ ಬರೆದು 990x = 136, x = 136/990 = 68/495 ಅಂತ ಮಾಡಿದಾಳೆ. ಬಾಲ ಕೂಡಿಸಿದ್ದು ನನಗೆ ಸರಿ ಕಾಣ್ತಿದೆ, ಆದ್ರೆ ಉತ್ತರ ಹಿಂದೆ ಕೊಟ್ಟಿರೋದಕ್ಕೆ ಹೊಂದ್ತಿಲ್ಲ.

ಬೆಳ್ಳಕ್ಕಿಸಾಲು
ಉತ್ತರದ ಪುಟ ಮುಚ್ಚಿಟ್ಟು 68ನ 495ರಿಂದ ಭಾಗಿಸೋಕೆ ಹೇಳಿ ಅವಳಿಗೆ, ಮೂರು ಅಂಕಿ ಸಾಕು.

ಹೊಂಗೆನೆರಳು
0.137 ಬಂತು. ನಮಗೆ ಬೇಕಾಗಿದ್ದು 0.136. ಆಮೇಲೆ ಮುಂದಕ್ಕೂ ಮಾಡಿದ್ವಿ, 0.13737... ಅಂತ ಹೋಗ್ತಿದೆ.

ಸೀಮೆಸುಣ್ಣ
ಹಾಗಾದ್ರೆ ಅಂಶ ಸ್ವಲ್ಪ ಜಾಸ್ತಿ ಆಗಿದೆ. ಹೆಜ್ಜೆಗಳೆಲ್ಲ ಸರಿ, ಗುಣಿಸಿದ್ದು ಸರಿ, 990 ಸರಿ. ಬಾಲ ಹೋಯ್ತು ಅನ್ನೋ ಖುಷೀಲಿ ಬಿಂದುವಿನ ಎಡಗಡೆ ಕಳೆಯೋದು ಮರೆತಿದಾಳೆ. ಮಿಂಚುಲೆಕ್ಕ ಅವರ 36/90ರಲ್ಲಿ ಆಗಿದ್ದೂ ಇದೇ. ಕೆಳಗಿನ ಸಾಲಿನ ಎಡಗಡೆ ಏನಿದೆ ಅಂತ ಅವಳನ್ನೇ ಕೇಳಿ, ನೀವು ಹೇಳ್ಬೇಡಿ.

ಹೊಂಗೆನೆರಳು
"ಒಂದು ಇದೆ... ಅಯ್ಯೋ 135!" ಅಂದ್ಲು. 135/990. ಐದರಿಂದ ಹೊಡೆದು 27/198, ಒಂಬತ್ತರಿಂದ ಹೊಡೆದು 3/22. ಹಿಂದೆ ಇರೋದೂ 3/22. ಈಗ ತಾನಾಗೇ 3ನ 22ರಿಂದ ಭಾಗಿಸ್ತಾ ಕೂತಿದಾಳೆ, ಶೇಷಗಳನ್ನ ಪಕ್ಕದಲ್ಲಿ ಬರ್ಕೊಂಡು: 3, 8, 14, 8, 14... ಮೊದಲನೇ 3 ಯಾಕೆ ವಾಪಸ್ ಬರಲ್ಲ ಅಂತ ಕೇಳ್ತಿದಾಳೆ.

ಬೆಳ್ಳಕ್ಕಿಸಾಲು
ಆ 3ರಿಂದ ಬಂದ ಅಂಕಿ ಯಾವುದು ನೋಡೋಕೆ ಹೇಳಿ. ಗೆರೆ ಇಲ್ಲದ 1 ಅದು.